ಗುರುವಾರ ರಾತ್ರಿಯ ರೈಲು ಗುರುವಾರದ್ದಲ್ಲ

ನಿಲ್ದಾಣದ ಎದುರು ಟಿಕೆಟ್ ಅಂಗಡಿ ಇಟ್ಟುಕೊಂಡಿರುವುದರಿಂದ ನನ್ನ ಮೊಬೈಲ್‌ಗೆ ವೇಳಾಪಟ್ಟಿಯ ಫೋಟೋಗಳು ಬರುತ್ತಲೇ ಇರುತ್ತವೆ. ಅಂಕಿ ಮಸುಕಾಗಿದ್ದರೆ ಚಿಂತೆಯಿಲ್ಲ. ಆಗಮನ 06:18 ಎಂದಿದ್ದು ನಿರ್ಗಮನದ ಒಂದು ಅಂಕಿ ಅಳಿಸಿ 06:_0 ಎಂದು ಕಂಡರೆ, ಎರಡೇ ನಿಮಿಷ ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಅದು ಬಹುತೇಕ 06:20. ನನ್ನನ್ನು ಕಾಡುವುದು ಅಚ್ಚುಕಟ್ಟಾಗಿ ಕಾಣುವ ಮಧ್ಯರಾತ್ರಿಯ ಸಾಲು.

ಕಳೆದ ವರ್ಷ ಒಬ್ಬ ಹಿರಿಯರು ಫೋಟೋ ಕಳುಹಿಸಿದರು. ಮಗಳ ಮನೆಯ ಗೃಹಪ್ರವೇಶ ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಲ್ಲಿ. ಆಗಮನ 00:20, ನಿರ್ಗಮನ 00:30, ದಿನದ ಅಂಕಣದಲ್ಲಿ 'ಗುರು'. "ಗುರುವಾರ ಊಟ ಮುಗಿಸಿ ಹೊರಟರೆ ಸಾಕಲ್ಲವೇ?" ಎಂದು ಕೇಳಿದರು. ಸಾಕೋ ಸಾಲದೋ ಎಂದು ಆ ಫೋಟೋ ಒಂದೇ ಹೇಳಲಾರದು.

ಆ 'ಗುರು' ಯಾವ ಊರಿನ ಗುರುವಾರ? ನಮ್ಮ ನಿಲ್ದಾಣದ್ದಾದರೆ, ರೈಲು ಬರುವುದು ಬುಧವಾರ ರಾತ್ರಿ ಮಲಗುವ ಹೊತ್ತು ಕಳೆದ ಮೇಲೆ. ರೈಲು ಮೊದಲು ಹೊರಡುವ ಊರಿನದ್ದಾದರೆ, ಗುರುವಾರ ಸಂಜೆ ಅಲ್ಲಿಂದ ಹೊರಟು, ಮಧ್ಯರಾತ್ರಿ ದಾಟಿ, ಶುಕ್ರವಾರ ನಮ್ಮಲ್ಲಿಗೆ ಬರುತ್ತದೆ. ಇವೆರಡರ ನಡುವೆ ಇಡೀ ಒಂದು ದಿನದ ಅಂತರ. ಪಟ್ಟಿಯ ತಲೆಯಲ್ಲೋ ಅಡಿಯಲ್ಲೋ ಅದನ್ನು ಬರೆದಿರಬಹುದು. ಆದರೆ ಜನ ತಮಗೆ ಬೇಕಾದ ಸಾಲನ್ನಷ್ಟೇ ಹತ್ತಿರದಿಂದ ತೆಗೆದು ಕಳುಹಿಸುತ್ತಾರೆ!

ರೈಲಿನ ಸಂಖ್ಯೆ ಫೋಟೋದಲ್ಲಿತ್ತು, ಅಷ್ಟು ಪುಣ್ಯ. 139ಕ್ಕೆ ಕರೆ ಮಾಡಿ ವಿಚಾರಿಸಿದೆ: ಮೊದಲ ನಿಲ್ದಾಣದಿಂದ ಗುರುವಾರ ಸಂಜೆ 5:40ಕ್ಕೆ ಹೊರಡುತ್ತದೆ. ಹಾಗಾದರೆ ಅವರು ಗುರುವಾರ ಊಟ ಮುಗಿಸಿ ಬರುವುದು ಸರಿ, ಟಿಕೆಟ್ ಮಾತ್ರ ಶುಕ್ರವಾರದ ದಿನಾಂಕದ್ದಾಗಿರಬೇಕು. ಟಿಕೆಟ್‌ನಲ್ಲಿ ನೋಡಬೇಕಾದದ್ದು ನಾವು ಹತ್ತುವ ನಿಲ್ದಾಣದಿಂದ ರೈಲು ಹೊರಡುವ ದಿನಾಂಕವನ್ನು, ನಮ್ಮ ಊಟದ ದಿನವನ್ನಲ್ಲ.

ಇದನ್ನು ಅವರಿಗೆ ಮೂರು ಸಲ ಹೇಳಿದೆ. ಏಕೆಂದರೆ ಅದಕ್ಕೂ ಹಿಂದೆ ಒಂದು ದಂಪತಿ ಇಂಥದ್ದೇ ಶುಕ್ರವಾರದ ಟಿಕೆಟ್ ಹಿಡಿದು, ಹೋಳಿಗೆಯ ಡಬ್ಬಿಯೊಂದಿಗೆ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ನಿಲ್ದಾಣಕ್ಕೆ ಬಂದಿದ್ದರು. ರೈಲು ಹೋಗಿ ಇಪ್ಪತ್ಮೂರು ಗಂಟೆಯಾಗಿತ್ತು. ಬೈಯಲು ಬಾಯಿ ಬರಲಿಲ್ಲ. ಕೊನೆಗೆ ಬಸ್ ಹತ್ತಿಸಿದೆ; ಹೋಳಿಗೆ ನನಗೂ ಎರಡು ಸಿಕ್ಕಿದವು.

ಕರಾವಳಿಯ ಫೋಟೋಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೊಂಕಣ ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ. ರೈಲುಗಳು ನಿಧಾನವಾಗಿ ಓಡುತ್ತವೆ. ಮೇ ತಿಂಗಳಲ್ಲಿ ತೆಗೆದ ಫೋಟೋ ಹಿಡಿದು ಜುಲೈನಲ್ಲಿ ಹೊರಡಬೇಡಿ. ಮಧ್ಯರಾತ್ರಿಯ ಆಸುಪಾಸಿನ ರೈಲಾದರೆ ಸಮಯದ ಜೊತೆ ದಿನವೂ ಬದಲಾಗಬಹುದು.

ಮೊನ್ನೆ ಆ ಹಿರಿಯರೇ ಮತ್ತೊಂದು ಫೋಟೋ ಕಳುಹಿಸಿದರು. ಈ ಬಾರಿ ಪಟ್ಟಿಯ ತಲೆಯೂ ಇತ್ತು, ಅಡಿಯ ಸೂಚನೆಯೂ ಇತ್ತು. ಫ್ಲ್ಯಾಷ್ ಬಿದ್ದು ನಡುವಿನ ಸಾಲುಗಳೆಲ್ಲ ಬೆಳ್ಳಗಾಗಿದ್ದವು.