ದೂರದ ಹಂತಕ್ಕೆ ದಿನಾಂಕವಲ್ಲ, ಅಂದಾಜಿನ ಮಿತಿ ಬರೆಯಿರಿ

ನಾಲ್ಕೈದು ವರ್ಷದ ಮೆಟ್ರೊ ಸುರಂಗ ಕಾಮಗಾರಿಗೂ ಮೊದಲ ತಿಂಗಳಲ್ಲೇ ಕೊನೆಯ ದಿನದವರೆಗಿನ ಶೆಡ್ಯೂಲ್ ಕೇಳುವವರಿದ್ದಾರೆ. ಬೆಂಗಳೂರಿನ ನೆಲದಲ್ಲಿ ಅಂಥ ಶೆಡ್ಯೂಲನ್ನು ನಾನು ನಂಬುವುದಿಲ್ಲ. ಇಲ್ಲಿ ಸುರಂಗ ಕೊರೆಯುವ ಯಂತ್ರದ ಮುಂದೆ ಮೇಲರ್ಧ ಸಡಿಲ ಮಣ್ಣು, ಕೆಳಗರ್ಧ ಗಟ್ಟಿ ಬಂಡೆ ಒಟ್ಟಿಗೇ ಸಿಗುವುದುಂಟು. ನೆಲದ ಪರೀಕ್ಷೆಗೆಂದು ತೋಡಿದ ಎರಡು ಬೋರ್‌ಹೋಲ್‌ಗಳ ನಡುವೆ ಏನಿದೆಯೆಂಬುದು ಕೊರೆಯುವವರೆಗೂ ಊಹೆಯೇ.

ಇಂಥಲ್ಲಿ ನೆರವಿಗೆ ಬರುವುದು ರೋಲಿಂಗ್ ವೇವ್ ಪ್ಲಾನಿಂಗ್. ಮುಂದಿನ ಮೂರು–ನಾಲ್ಕು ತಿಂಗಳ ಕೆಲಸಕ್ಕೆ ಪೂರ್ತಿ ವಿವರ ಬರೆಯುತ್ತೇವೆ. ಅದರಾಚೆಯದನ್ನು ಪ್ಲಾನಿಂಗ್ ಪ್ಯಾಕೇಜ್ ಎಂದು ಒಟ್ಟಾಗಿ ಇಡುತ್ತೇವೆ. ಆದರೆ ಪ್ಯಾಕೇಜ್ ಖಾಲಿ ಪೆಟ್ಟಿಗೆಯಾಗಬಾರದು. ಅದರಲ್ಲಿ ಬಜೆಟ್, ಅವಧಿಯ ಕನಿಷ್ಠ–ಗರಿಷ್ಠ, ಆ ಅಂದಾಜಿಗೆ ಆಧಾರವಾದ ಊಹೆ, ಅದನ್ನು ಬಿಡಿಸಿ ಬರೆಯಬೇಕಾದ ದಿನ, ಇಷ್ಟೂ ಇರಬೇಕು.

ಎರಡನೇ ಯಂತ್ರ ಕೊರೆಯಬೇಕಾದ ಸುರಂಗ 900 ಮೀಟರ್ ಎಂದಿಟ್ಟುಕೊಳ್ಳಿ. ಕೊರೆದಂತೆ ಸುರಂಗದ ಒಳಗೋಡೆಯಾಗಿ ಜೋಡಿಸುವ ಕಾಂಕ್ರೀಟ್ ರಿಂಗ್ ಒಂದೊಂದೂ 1.5 ಮೀಟರ್ ಉದ್ದವಾದರೆ ಒಟ್ಟು 600 ರಿಂಗ್. ದಿನಕ್ಕೆ 4ರಿಂದ 8 ರಿಂಗ್ ಎಂಬ ಅಂದಾಜಿನಲ್ಲಿ ಅವಧಿ 75ರಿಂದ 150 ದಿನ. ಶುರುವಿನಲ್ಲಿ ಬರೆಯಬೇಕಾದ್ದು ಇಷ್ಟೇ. ಅಷ್ಟರಲ್ಲಿ ಪಕ್ಕದ ಮೊದಲ ಯಂತ್ರ ಒಂದಷ್ಟು ದೂರ ಸಾಗಿರುತ್ತದೆ: ಮಣ್ಣಿನಲ್ಲಿ ದಿನಕ್ಕೆ 8 ರಿಂಗ್, ಮಿಶ್ರ ನೆಲದಲ್ಲಿ 3. ಹೊಸ ಬೋರ್‌ಹೋಲ್‌ಗಳ ಪ್ರಕಾರ 400 ರಿಂಗ್ ಮಣ್ಣು, 200 ಮಿಶ್ರ. ಹಾಗಾದರೆ 50 ಮತ್ತು 67, ಕಟರ್ ಬದಲಿಸಲು 12, ಒಟ್ಟು 129 ದಿನ. ಮಿತಿಯೊಳಗಿದೆ, ಈಗ ವಿವರ ಬರೆಯಬಹುದು, ಬೇಸ್‌ಲೈನ್, ಅಂದರೆ ಮಂಜೂರಾದ ಮೂಲ ಶೆಡ್ಯೂಲ್, ಮುಟ್ಟಬೇಕಿಲ್ಲ. ಮಿಶ್ರ ನೆಲ 300 ರಿಂಗ್ ಇದ್ದು ಕಟರ್‌ಗೆ 20 ದಿನ ಹಿಡಿಯುವಂತಿದ್ದರೆ ಲೆಕ್ಕ 158ಕ್ಕೆ ಹೋಗುತ್ತದೆ. ಆಗ ಅದು ವಿವರಣೆಯಲ್ಲ, ಬದಲಾವಣೆ. ಲಿಖಿತವಾಗಿ ಮಂಜೂರಾತಿ ಪಡೆಯಲೇಬೇಕು.

ಎಡವುವುದೂ ಇಲ್ಲೇ. ಪ್ಯಾಕೇಜ್ ಬಿಡಿಸುವ ನೆಪದಲ್ಲಿ ಒಂದೆರಡು ಹೊಸ ಕೆಲಸ ಒಳಗೆ ಸೇರುತ್ತವೆ, ಕೊನೆಯ ದಿನಾಂಕ ಸದ್ದಿಲ್ಲದೆ ಎರಡು ವಾರ ಸರಿಯುತ್ತದೆ. ಪತ್ತೆ ಹಚ್ಚುವುದು ಸುಲಭ: ಹೊಸ ಸಾಲುಗಳ ಮೊತ್ತವನ್ನು ಹಳೆಯ ಪ್ಯಾಕೇಜಿನ ಬಜೆಟ್ ಜೊತೆ, ಅವು ಮುಗಿಯುವ ದಿನವನ್ನು ಹಳೆಯ ಮೈಲಿಗಲ್ಲಿನ ಜೊತೆ ಪ್ರತಿ ಸಲವೂ ಹೋಲಿಸಿ. ತಾಳೆಯಾಗದಿದ್ದರೆ, ಬದಲಾವಣೆಯ ಆದೇಶವೂ ಇಲ್ಲದಿದ್ದರೆ, ಆ ಶೆಡ್ಯೂಲನ್ನು ವಾಪಸು ಕಳಿಸಿ.

ಇನ್ನೊಂದು ಮಾತು ಗುತ್ತಿಗೆದಾರರಿಗೂ ಮಾಲೀಕ ಸಂಸ್ಥೆಗೂ ಸೇರಿ ಹೇಳಬೇಕು. ವಿವರ ಮುಂದೂಡಬಹುದು, ಎಲ್ಲ ತೀರ್ಮಾನಗಳನ್ನೂ ಮುಂದೂಡಲಾಗದು. ಸುರಂಗ ಯಂತ್ರಕ್ಕೆ ಆರ್ಡರ್ ಕೊಟ್ಟ ಮೇಲೆ ಸೈಟ್‌ಗೆ ಬರಲು ಒಂದು ವರ್ಷದ ಆಸುಪಾಸು ಬೇಕು. ಅದರ ಕಟರ್‌ಹೆಡ್ ಮಣ್ಣಿಗೋ ಬಂಡೆಗೋ ಎರಡಕ್ಕೂ ಹೊಂದುವಂಥದ್ದೋ ಎಂಬುದನ್ನು ಆರ್ಡರಿನ ಹೊತ್ತಿಗೇ ಗೊತ್ತುಮಾಡಬೇಕು. ಹಾಗಾಗಿ ಪ್ರತಿ ಪ್ಯಾಕೇಜಿನಿಂದಲೂ ಹಿಂದಕ್ಕೆ ಎಣಿಸಿ, ತೀರ್ಮಾನದ ಕೊನೆಯ ದಿನವನ್ನು ಇವತ್ತಿನ ಶೆಡ್ಯೂಲಿನಲ್ಲೇ ಒಂದು ಸಾಲಾಗಿ ಬರೆದಿಡಿ.