ಓದುಗರ ಪ್ರಶ್ನೆ: ಸೂತ್ರ ಮರೆತುಹೋದಾಗ ಯೂನಿಟ್ ನೋಡಿಯೇ ತಪ್ಪು ಉತ್ತರಗಳನ್ನು ಹೊಡೆದುಹಾಕಬಹುದೇ?

ಬಹುಮಟ್ಟಿಗೆ ಹೌದು. ಕೆಸಿಇಟಿ ಭೌತಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಅಷ್ಟರಲ್ಲಿ ಸೂತ್ರವನ್ನು ಮೊದಲಿಂದ ಸಾಧಿಸುತ್ತ ಕೂರಲಾಗದು. ಆದರೆ ಯೂನಿಟ್ಟು ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಗೊತ್ತಿರಬೇಕು. ಒಂದೇ ಉದಾಹರಣೆ ಹಿಡಿದು ನೋಡೋಣ.

ತಂಬೂರಿಯ ತಂತಿ ಮೀಟಿದ್ದೀರಿ. ಅದರ ಉದ್ದ L, ಬಿಗಿತ T, ಒಂದು ಮೀಟರ್ ತಂತಿಯ ದ್ರವ್ಯರಾಶಿ μ. ಮೂಲ ಆವೃತ್ತಿ f ಎಷ್ಟು?

```
A) (1/2L) √(T/μ)
B) (1/2L) √(μ/T)
C) (L/2) √(T/μ)
D) (1/L) √(T/μ)
```

ಆವೃತ್ತಿ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಹಾಗಾಗಿ ಉತ್ತರದ ಯೂನಿಟ್ 1/s ಆಗಲೇಬೇಕು. ಬಿಗಿತ ಒಂದು ಬಲ, ಅದರ ಯೂನಿಟ್ ನ್ಯೂಟನ್, ಬಿಡಿಸಿದರೆ kg·m/s². μ ಯೂನಿಟ್ kg/m. ಭಾಗಿಸಿದಾಗ ಕಿಲೋಗ್ರಾಂ ಹೊಡೆದುಹೋಗಿ m²/s² ಉಳಿಯುತ್ತದೆ, ವರ್ಗಮೂಲ ತೆಗೆದರೆ m/s. ಅದು ವೇಗ; ತಂತಿಯ ಮೇಲೆ ಅಲೆ ಓಡುವ ವೇಗವೇ ಅದು.

ಈ ವೇಗವನ್ನು ಉದ್ದದಿಂದ ಭಾಗಿಸಿದರೆ 1/s ಬರುತ್ತದೆ. C ಯಲ್ಲಿ ಉದ್ದದಿಂದ ಗುಣಿಸಿದ್ದಾರೆ, m²/s ಆಯಿತು, ಬಿಡಿ. B ಯಲ್ಲಿ ವೇಗವೇ ತಲೆಕೆಳಗಾಗಿದೆ, ಅದೂ ಹೋಯಿತು. ಇಷ್ಟಕ್ಕೆ ಇಪ್ಪತ್ತು ಸೆಕೆಂಡು ಸಾಕು.

ಉಳಿದದ್ದು A ಮತ್ತು D. ಇವೆರಡರಲ್ಲಿ ಯಾವುದು ಸರಿ ಎಂದು ಯೂನಿಟ್ ಎಂದಿಗೂ ಹೇಳದು. 2 ಆಗಲಿ, π ಆಗಲಿ ಬರೀ ಸಂಖ್ಯೆಗಳು, ಅವಕ್ಕೆ ಯೂನಿಟ್ಟೇ ಇಲ್ಲ. ಇಲ್ಲಿ ಚಿತ್ರ ಬರೆಯಬೇಕು: ತಂತಿಯ ಎರಡೂ ತುದಿ ಕಟ್ಟಿದೆ, ನಡುವೆ ಒಂದೇ ಉಬ್ಬು. ಆ ಒಂದು ಉಬ್ಬು ಅರ್ಧ ಅಲೆ. ಪೂರ್ತಿ ಅಲೆಯ ಉದ್ದ 2L, ವೇಗವನ್ನು ಅದರಿಂದ ಭಾಗಿಸಿದರೆ A. ಯೂನಿಟ್ ನಾಲ್ಕನ್ನು ಎರಡಕ್ಕೆ ಇಳಿಸಿತು, ಕೊನೆಯ ಹೆಜ್ಜೆ ಭೌತಶಾಸ್ತ್ರದ್ದು.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು T ಅಕ್ಷರದಲ್ಲಿ. ಆಯಾಮ ಬರೆಯುವಾಗ M, L, T ಗಳಲ್ಲಿ T ಅಂದರೆ ಕಾಲ. ಇಲ್ಲಿ ಅದೇ T ಬಿಗಿತ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಕಲಸುಮೇಲೋಗರ ಖಂಡಿತ. ಅದಕ್ಕೇ ನಾನು ಆಯಾಮದ ಅಕ್ಷರ ಬಿಟ್ಟು ನೇರ kg, m, s ಬರೆಯಿರಿ ಎನ್ನುತ್ತೇನೆ.

ಇನ್ನೊಂದು ಬಲೆ: μ ಬದಲು ಇಡೀ ತಂತಿಯ ದ್ರವ್ಯರಾಶಿ M ಕೊಟ್ಟಿರುತ್ತಾರೆ. ಅವಸರದಲ್ಲಿ μ ಇದ್ದ ಜಾಗಕ್ಕೆ M ಹಾಕಿ `(1/2L) √(T/M)` ಎಂದು ಗುರುತು ಮಾಡುವವರು ಬಹಳ. ಬಿಡಿಸಿ ನೋಡಿ: T/M ಅಂದರೆ m/s², ಅದರ ವರ್ಗಮೂಲದಲ್ಲಿ √m ಉಳಿಯುತ್ತದೆ, L ನಿಂದ ಭಾಗಿಸಿದರೂ ಅದು ಪೂರ್ತಿ ಹೊಡೆದುಹೋಗುವುದಿಲ್ಲ. ಆವೃತ್ತಿಯಲ್ಲಿ ಮೀಟರಿಗೆ ಜಾಗವೇ ಇಲ್ಲವಲ್ಲ! μ ಜಾಗದಲ್ಲಿ M/L ಹಾಕಿ. `(1/2) √(T/(ML))` ಆಗುತ್ತದೆ, ಯೂನಿಟ್ ಸರಿಯಾಗಿ 1/s.