ಎಚ್‌ಆರ್ ಸರ್ಟಿಫಿಕೇಟಾ, ಎಂಬಿಎಯಾ? ಮೊದಲು ಅರ್ಹತೆಯ ಸಾಲು ಓದಿ

ಡಿಗ್ರಿ ಮುಗಿಸಿ ಎಚ್‌ಆರ್ ವಿಭಾಗಕ್ಕೆ ಸೇರಿದ ಮಕ್ಕಳು ಒಂದೆರಡು ವರ್ಷ ಕಳೆಯುತ್ತಿದ್ದಂತೆ ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಕೆಲಸ ಬಿಟ್ಟು ಎಂಬಿಎ ಮಾಡಬೇಕಾ, ಅಥವಾ ಕೆಲಸ ಮಾಡ್ತಾ ಮಾಡ್ತಾ ಒಂದು ಒಳ್ಳೆಯ ಸರ್ಟಿಫಿಕೇಟ್ ತೆಗೆದುಕೊಂಡರೆ ಸಾಕಾ? ಈಚೆಗೆ ಕೇಳಿದವಳು ಉಡುಪಿ ಕಡೆಯ ಹುಡುಗಿ. ಬಿ.ಕಾಂ. ಆಗಿದೆ. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಹಾಜರಿ, ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ನೋಡಿಕೊಳ್ಳುತ್ತಾಳೆ. ಅಮೆರಿಕದ ಒಂದು ಸರ್ಟಿಫಿಕೇಟಿಗೆ ದುಡ್ಡು ಕಟ್ಟಲು ಹೊರಟಿದ್ದಳು.

"ಮುಂದೆ ಎಲ್ಲಿ ಕೆಲಸ ಮಾಡಬೇಕು ಅಂತ ಇದ್ದೀಯಾ?" ಅಂತ ಕೇಳಿದೆ.

"ದೊಡ್ಡ ಕಾರ್ಖಾನೆಯಲ್ಲಿ ಸರ್, ವೆಲ್ಫೇರ್ ಆಫೀಸರ್ ಆಗ್ಬೇಕು."

ಹಾಗಾದರೆ ಆ ದುಡ್ಡು ಈಗ ಕಟ್ಟಬೇಡ ಅಂದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಅವಳಂಥವರು ನಮ್ಮ ಕರಾವಳಿಯಲ್ಲಿ ತುಂಬಾ ಜನ ಇದ್ದಾರೆ.

ವೆಲ್ಫೇರ್ ಆಫೀಸರ್ ಹುದ್ದೆಯನ್ನು ಕಂಪನಿ ತನ್ನಿಷ್ಟಕ್ಕೆ ಮಾಡಿಕೊಂಡದ್ದಲ್ಲ, ಕಾನೂನು ಮಾಡಿದ್ದು. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣ ಅಧಿಕಾರಿ ಇರಲೇಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಮಿತಿ 250ಕ್ಕೆ ಇಳಿದಿದೆ. ಇದು ಸಣ್ಣ ಬದಲಾವಣೆಯಲ್ಲ. ಮುನ್ನೂರು, ನಾನೂರು ಜನ ಕೆಲಸ ಮಾಡುವ ಕಾರ್ಖಾನೆಗಳಿಗೂ ಈಗ ಈ ಹುದ್ದೆ ಬೇಕಾಗುತ್ತದೆ.

ಆದರೆ ಈ ಹುದ್ದೆಗೆ ಯಾರು ಅರ್ಹರು ಅಂತ ನಿಗದಿ ಮಾಡುವುದು ಸರ್ಕಾರ, ಕಂಪನಿಯಲ್ಲ. ಮೊದಲಿನಿಂದಲೂ ನಿಯಮಗಳು ಕೇಳುತ್ತಾ ಬಂದದ್ದು ಸರ್ಕಾರ ಮಾನ್ಯ ಮಾಡಿದ ಸಮಾಜ ವಿಜ್ಞಾನದ ಪದವಿ ಅಥವಾ ಡಿಪ್ಲೊಮಾವನ್ನು. ಹಾಗಾಗಿಯೇ ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಎಚ್‌ಆರ್ ಮುಖ್ಯಸ್ಥರನ್ನು ಮಾತಾಡಿಸಿದರೆ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಿದವರು ಅಷ್ಟು ಜನ ಸಿಗುವುದು. ಮಂಗಳೂರಿನ ರೋಶನಿ ನಿಲಯದಲ್ಲೋ ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲೋ ಓದಿ ಬಂದವರು ಅವರಲ್ಲಿ ಎಷ್ಟೋ ಮಂದಿ. ವಿದೇಶದ ಸರ್ಟಿಫಿಕೇಟ್ ಎಷ್ಟೇ ಒಳ್ಳೆಯದಿರಲಿ, ಈ ಹುದ್ದೆಯ ಅರ್ಹತೆಗೆ ಲೆಕ್ಕಕ್ಕೆ ಬರುವುದಿಲ್ಲ. ಎಂಬಿಎ ಕೂಡ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ ಅಂದುಕೊಳ್ಳಬೇಡಿ. ನೀವು ಸೇರಬೇಕೆಂದಿರುವ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಫೀಸು ಕಟ್ಟುವ ಮೊದಲೇ ಕಾರ್ಖಾನೆಗಳ ಇಲಾಖೆಯಲ್ಲಿ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಕಾಲೇಜಿನವರು ಬಾಯಲ್ಲಿ ಹೇಳಿದ್ದು ಸಾಕಾಗುವುದಿಲ್ಲ.

ಸರ್ಕಾರಿ ಕಂಪನಿಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಅವರ ಎಚ್‌ಆರ್ ಹುದ್ದೆಯ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಎಷ್ಟೋ ಸಲ ಎರಡು ವರ್ಷದ ಪೂರ್ಣಾವಧಿಯದ್ದೇ ಆಗಬೇಕು ಅಂತಲೂ ಬರೆದಿರುತ್ತಾರೆ. ಕೆಲವು ಕಂಪನಿಗಳು ಯುಜಿಸಿ ನೆಟ್ ಪರೀಕ್ಷೆಯ ಅಂಕ ನೋಡಿಯೇ ಕರೆದದ್ದಿದೆ. ಆ ಪರೀಕ್ಷೆಗೂ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಅರ್ಜಿ ತುಂಬುವಾಗ ಅರ್ಹತೆಯ ಸಾಲಿನಲ್ಲಿ ಆ ಪದವಿ ಇಲ್ಲದಿದ್ದರೆ ನಿಮ್ಮ ಅನುಭವವನ್ನು ಓದುವ ಹಂತಕ್ಕೆ ಯಾರೂ ಬರುವುದೇ ಇಲ್ಲ. ಕೆಲಸ ಬಿಡಲಾಗದು ಅಂತ ದೂರಶಿಕ್ಷಣದ ಎಂಬಿಎಗೆ ಸೇರುವವರು "ಪೂರ್ಣಾವಧಿ" ಅನ್ನುವ ಆ ಒಂದು ಮಾತನ್ನು ಮೊದಲು ಹುಡುಕಿ ನೋಡಬೇಕು. ದೂರಶಿಕ್ಷಣದ ಪದವಿ ಕೆಟ್ಟದ್ದಲ್ಲ, ಖಾಸಗಿ ಕಂಪನಿಯಲ್ಲಿ ಬಡ್ತಿಗೆ ಅದು ಎಷ್ಟೋ ಜನರಿಗೆ ಉಪಯೋಗಕ್ಕೆ ಬಂದಿದೆ. ಆದರೆ ಈ ಜಾಹೀರಾತುಗಳಿಗೆ ಅದು ಆಗದೇ ಹೋಗಬಹುದು.

ಹಾಗಾದರೆ ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲವಾ? ಇದೆ, ಖಂಡಿತ ಇದೆ. ಐಟಿ ಕಂಪನಿಗಳಲ್ಲಿ, ಹೊರದೇಶದ ಉದ್ಯೋಗಿಗಳ ಎಚ್‌ಆರ್ ಕೆಲಸವನ್ನು ಇಲ್ಲಿಂದಲೇ ಮಾಡುವ ಕಚೇರಿಗಳಲ್ಲಿ, ಗಲ್ಫ್‌ಗೆ ಹೋಗುವ ಯೋಚನೆ ಇದ್ದರೆ ಅಲ್ಲಿ. ಇಂಥ ಕಡೆ ಕಾನೂನು ಇಂತಹದ್ದೇ ಪದವಿ ಬೇಕು ಅನ್ನುವುದಿಲ್ಲ. ಸಂದರ್ಶನ ಮಾಡುವವರಿಗೆ ಪರೀಕ್ಷೆಯ ಹೆಸರು ಗೊತ್ತಿರುತ್ತದೆ, ಪಾಸಾದವರಿಗೆ ಎಷ್ಟು ತಿಳಿದಿರಬಹುದು ಅಂತಲೂ ಒಂದು ಅಂದಾಜಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎರಡು ದಿನದ ಆನ್‌ಲೈನ್ ಕ್ಲಾಸಿನಲ್ಲಿ ಕೂತದ್ದಕ್ಕೆ ಕೊಡುವ ಕಾಗದ ಬೇರೆ, ಪರೀಕ್ಷೆ ಪಾಸಾಗಿ ಪಡೆಯುವ ಸರ್ಟಿಫಿಕೇಶನ್ ಬೇರೆ. ಎರಡನೆಯದ್ದನ್ನು ಗುರುತಿಸುವುದು ಸುಲಭ. ಪರೀಕ್ಷೆ ಇರುತ್ತದೆ, ಫೇಲಾಗುವ ಸಾಧ್ಯತೆ ಇರುತ್ತದೆ, ಇಂತಿಷ್ಟು ವರ್ಷಕ್ಕೊಮ್ಮೆ ನವೀಕರಣವೂ ಇರುತ್ತದೆ. ರೆಸ್ಯೂಮೆಯಲ್ಲಿ ಮೊದಲ ಜಾತಿಯವು ಏಳೆಂಟು ಸಾಲಾಗಿ ನಿಂತಿದ್ದರೂ ನಾನು ಅವುಗಳ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಎರಡನೆಯದ್ದು ಒಂದೇ ಇದ್ದರೂ ಕೇಳುತ್ತೇನೆ.

ಹೊಸಬರ ಕಿವಿಗೆ ಬೀಳುವ ಹೆಸರುಗಳು ಮುಖ್ಯವಾಗಿ ಅಮೆರಿಕದ ಎರಡು ಸಂಸ್ಥೆಗಳದ್ದು. ಎಚ್‌ಆರ್‌ಸಿಐ ಸಂಸ್ಥೆಯ ಎಪಿಎಚ್‌ಆರ್ ಪರೀಕ್ಷೆಗೆ ಅನುಭವವೇ ಬೇಡ, ಕಾಲೇಜು ಮುಗಿಸಿದವರೂ ಬರೆಯಬಹುದು. ಆದರೆ ಅದರಲ್ಲಿ ಅಮೆರಿಕದ ಕಾರ್ಮಿಕ ಕಾನೂನಿನ ಪ್ರಶ್ನೆಗಳಿವೆ. ಬೇರೆ ದೇಶದವರಿಗೆ ಅಂತಲೇ ಆ ಕಾನೂನು ಬಿಟ್ಟು ಮಾಡಿದ್ದು ಎಪಿಎಚ್‌ಆರ್‌ಐ. ಕೊನೆಯ ಆ ಒಂದಕ್ಷರ ನೋಡದೆ ಅರ್ಜಿ ಹಾಕಿದರೆ ನಮ್ಮ ಊರಿನಲ್ಲಿ ಎಂದೂ ಬಳಸದ ಕಾನೂನುಗಳನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಬೇಕಾಗುತ್ತದೆ. ಖರ್ಚು ಸುಮಾರು 400 ಡಾಲರ್, ಪುಸ್ತಕ ಮತ್ತು ತರಬೇತಿಯ ದುಡ್ಡು ಬೇರೆ.

ಅದರ ಮೇಲಿನದ್ದು ಪಿಎಚ್‌ಆರ್‌ಐ. ಡಿಗ್ರಿ ಆದವರಿಗೆ ಎರಡು ವರ್ಷದ ಅನುಭವ ಬೇಕು, ಸ್ನಾತಕೋತ್ತರ ಪದವಿ ಇದ್ದರೆ ಒಂದು ವರ್ಷ ಸಾಕು. ನಮ್ಮ ಹುಡುಗಿಗೆ ಎರಡು ವರ್ಷ ಆಗಿದೆ ಅಲ್ವಾ, ಬರೆಯಬಹುದಲ್ಲ ಅಂತ ಅನಿಸಬಹುದು. ತೊಡಕಿರುವುದು ಇಲ್ಲೇ. ಅವರು ಕೇಳುವುದು ತಾನೇ ವಿಚಾರ ಮಾಡಿ ನಿರ್ಧಾರ ತೆಗೆದುಕೊಳ್ಳುವ ಮಟ್ಟದ ಎಚ್‌ಆರ್ ಅನುಭವ. ಎರಡು ವರ್ಷವೂ ಹಾಜರಿ ಪುಸ್ತಕ ತುಂಬುವುದರಲ್ಲೇ ಕಳೆದಿದ್ದರೆ ಅದು ಲೆಕ್ಕಕ್ಕೆ ಬರುವುದು ಕಷ್ಟ. ಆದ್ದರಿಂದ ಮಾಡಿದ ಕೆಲಸವನ್ನು ಈಗಿಂದಲೇ ಬರೆದಿಟ್ಟುಕೊಳ್ಳಿ: ಯಾರನ್ನು ಸಂದರ್ಶನ ಮಾಡಿದಿರಿ, ಯಾವ ದೂರನ್ನು ಹೇಗೆ ಬಗೆಹರಿಸಿದಿರಿ, ಯಾವ ನಿಯಮ ನೀವೇ ಬರೆದಿರಿ ಅಂತ.

ಇನ್ನೊಂದು ಎಸ್‌ಎಚ್‌ಆರ್‌ಎಂ ಸಂಸ್ಥೆಯ ಸಿಪಿ ಪರೀಕ್ಷೆ. 134 ಪ್ರಶ್ನೆ. ಅದರಲ್ಲಿ ದೊಡ್ಡ ಪಾಲು, ಇಂಥ ಸನ್ನಿವೇಶದಲ್ಲಿ ನೀವಾದರೆ ಏನು ಮಾಡುತ್ತೀರಿ ಅನ್ನುವಂಥವು. ನಾಲ್ಕು ಉತ್ತರಗಳೂ ಸರಿ ಅಂತಲೇ ಕಾಣುತ್ತವೆ, ಹೆಚ್ಚು ಸರಿ ಯಾವುದು ಅಂತ ಆರಿಸಬೇಕು. ಮನೆಯಲ್ಲಿ ಕೂತು ಪುಸ್ತಕ ಓದಿದವರು ಎಡವುವುದು ಇಲ್ಲೇ. ಒಂದು ಜಗಳ ಬಿಡಿಸಿದವರಿಗೆ, ಒಬ್ಬರನ್ನು ಕೆಲಸದಿಂದ ತೆಗೆಯುವಾಗ ಎದುರು ಕೂತವರಿಗೆ ಉತ್ತರ ಬೇಗ ಹೊಳೆಯುತ್ತದೆ. ಪಾಸಾದ ಮೇಲೂ ಮೂರು ವರ್ಷದಲ್ಲಿ ತರಬೇತಿ, ಸೆಮಿನಾರ್ ಅಂಥವುಗಳಿಂದ 60 ಕ್ರೆಡಿಟ್ ಕೂಡಿಸಬೇಕು, ಇಲ್ಲದಿದ್ದರೆ ಪುನಃ ಪರೀಕ್ಷೆ. ಎಂಬಿಎ ಒಮ್ಮೆ ಪಾಸಾದರೆ ಮುಗಿಯಿತು. ಸರ್ಟಿಫಿಕೇಟಿನ ಖರ್ಚು ಹಾಗೆ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯಕ್ಕೆ ಬರುತ್ತೇನೆ. ಸಂದರ್ಶನದಲ್ಲಿ ನಾನು ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಒಬ್ಬ ಕೆಲಸಗಾರನಿಗೆ ಇಎಸ್‌ಐ ಲೆಕ್ಕಕ್ಕೆ ಬರುವ ವೇತನ 20,500 ರೂಪಾಯಿ. ಜುಲೈಯಲ್ಲಿ ಇನ್‌ಕ್ರಿಮೆಂಟ್ ಆಗಿ 22,000 ಆಯಿತು. ಇಎಸ್‌ಐ ಮಿತಿ 21,000. ಜುಲೈ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತೀರಾ, ಇಲ್ಲವಾ?

ಎಂಬಿಎ ಆದವರಲ್ಲಿ ಹೆಚ್ಚಿನವರು, ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇದ್ದವರೂ ಸಹ, "ಮಿತಿ ದಾಟಿತಲ್ಲ ಸರ್, ನಿಲ್ಲಿಸ್ತೇವೆ" ಅನ್ನುತ್ತಾರೆ. ಅದು ತಪ್ಪು. ಇಎಸ್‌ಐಯಲ್ಲಿ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಮಿತಿ ದಾಟಿದರೂ ಆ ಅವಧಿ ಮುಗಿಯುವ ತನಕ ಅವನು ಇಎಸ್‌ಐಯಲ್ಲೇ ಇರುತ್ತಾನೆ. ಹಾಗಾಗಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳು ಹಿಡಿಯಬೇಕು, ಅದೂ 21,000ದ ಮೇಲಲ್ಲ, ಪೂರ್ತಿ 22,000ದ ಮೇಲೆ. ಕೆಲಸಗಾರನಿಂದ ಶೇ 0.75, ಅಂದರೆ 165 ರೂಪಾಯಿ. ಕಂಪನಿಯಿಂದ ಶೇ 3.25, ಅಂದರೆ 715 ರೂಪಾಯಿ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಜುಲೈಯಲ್ಲೇ ನಿಲ್ಲಿಸಿಬಿಟ್ಟರೆ ಮುಂದೆ ತಪಾಸಣೆಯಲ್ಲಿ ಸಿಕ್ಕಿಬಿದ್ದು ಬಾಕಿ, ಬಡ್ಡಿ, ದಂಡ ಎಲ್ಲ ಕಂಪನಿಯ ತಲೆಗೆ ಬರುತ್ತದೆ. ಕೆಲಸಗಾರನ ಪಾಲನ್ನು ಆಮೇಲೆ ಅವನ ಸಂಬಳದಿಂದ ಹಿಂದಿನ ಬಾಕಿ ಅಂತ ಹಿಡಿಯುವ ಹಾಗೂ ಇಲ್ಲ.

ಬೈಕಂಪಾಡಿಯ ಆ ಹುಡುಗಿಗೆ ಈ ಉತ್ತರ ಸರಾಗವಾಗಿ ಗೊತ್ತಿತ್ತು. ಅವಳ ಬಂಡವಾಳ ಇದೇ. ಇದು ಅಮೆರಿಕದ ಪರೀಕ್ಷೆಯಲ್ಲಿ ಬರುವುದಿಲ್ಲ, ಎಂಬಿಎ ತರಗತಿಯಲ್ಲಿ ಬಂದರೂ ಒಂದು ಗಂಟೆಯಲ್ಲಿ ದಾಟಿ ಹೋಗುತ್ತದೆ. ಎಂಎಸ್‌ಡಬ್ಲ್ಯೂನಲ್ಲಿ ಕಾನೂನು ಸ್ವಲ್ಪ ಜಾಸ್ತಿ ಕಲಿಸುತ್ತಾರೆ, ಪೋರ್ಟಲ್‌ನಲ್ಲಿ ಕೂತು ಚಲನ್ ತೆಗೆಯುವುದನ್ನು ಮಾತ್ರ ಕೆಲಸವೇ ಕಲಿಸಬೇಕು. ಐವತ್ತು, ನೂರು ಜನರಿರುವ ಸಂಸ್ಥೆಗಳಲ್ಲಿ, ಗೇರುಬೀಜದ ಕಾರ್ಖಾನೆಯಿರಲಿ ಆಸ್ಪತ್ರೆಯಿರಲಿ, ಎಚ್‌ಆರ್‌ಗೆ ಜನ ಬೇಕು ಅಂದಾಗ ಕೇಳುವುದು ಇದನ್ನೇ. ಅಲ್ಲಿ ಪದವಿಯ ಹೆಸರು ಎರಡನೆಯ ಪ್ರಶ್ನೆ.

ಅದಕ್ಕೇ ಇನ್ನೂ ಕೆಲಸವೇ ಸಿಗದವರು ಮೂವತ್ತು, ನಲವತ್ತು ಸಾವಿರ ಕೊಟ್ಟು ವಿದೇಶಿ ಸರ್ಟಿಫಿಕೇಟ್ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆ ಹಂತದಲ್ಲಿ ಸಂಬಳ ಕಡಿಮೆಯಾದರೂ ಪರವಾಗಿಲ್ಲ, ಪಿಎಫ್, ಇಎಸ್‌ಐ, ಗ್ರಾಚ್ಯುಯಿಟಿ ಕೈಯಾರೆ ಮಾಡಿಸುವ ಕಡೆ ಸೇರಿಕೊಳ್ಳಿ.

ಹುಡುಗಿಗೆ ಹೇಳಿದ್ದು ಇಷ್ಟು. ವೆಲ್ಫೇರ್ ಆಫೀಸರ್ ಆಗಬೇಕು ಅನ್ನುವುದು ಗಟ್ಟಿಯಿದ್ದರೆ ಎಂಎಸ್‌ಡಬ್ಲ್ಯೂಗೆ ಸೇರು, ಎರಡು ವರ್ಷದ ಸಂಬಳ ಹೋಗುತ್ತದೆ, ಅದನ್ನೂ ಫೀಸಿನ ಜೊತೆಗೆ ಕೂಡಿಸಿ ಮನೆಯವರ ಜೊತೆ ಕೂತು ಲೆಕ್ಕ ಹಾಕು. ಮನಸ್ಸು ಐಟಿ ಕಡೆಗೆ ತಿರುಗಿದರೆ ಕೆಲಸ ಬಿಡಬೇಡ, ನೇಮಕಾತಿಯ ಜವಾಬ್ದಾರಿ ಕೇಳಿ ತೆಗೆದುಕೋ, ಇನ್ನೊಂದು ವರ್ಷ ಬಿಟ್ಟು ಪಿಎಚ್‌ಆರ್‌ಐ ಬರೆ. ಎರಡನ್ನೂ ಒಟ್ಟಿಗೆ ಹಿಡಿಯಬೇಡ. ಎಂಎಸ್‌ಡಬ್ಲ್ಯೂ ಆದ ಮೇಲೆ ಪಿಎಚ್‌ಆರ್‌ಐಗೆ ಬೇಕಾದ ಅನುಭವ ಹೇಗೂ ಒಂದು ವರ್ಷಕ್ಕೆ ಇಳಿಯುತ್ತದೆ.

ಅವಳು ಮೂರು ಜಾಹೀರಾತು ತೆಗೆದು ಅರ್ಹತೆಯ ಸಾಲುಗಳಿಗೆ ಗೆರೆ ಎಳೆದು ಕಳಿಸಿದ್ದಳು. ಎರಡರಲ್ಲಿ ಎಂಎಸ್‌ಡಬ್ಲ್ಯೂ ಅಂತಲೇ ಇತ್ತು. ಈ ವರ್ಷದ ಪ್ರವೇಶಕ್ಕೆ ಅರ್ಜಿ ಹಾಕಿದ್ದಾಳೆ.